ವಿಷಲ್ ಇಲ್ಲದ ಯೋಗ ಪಾಠ: ಒಂಬತ್ತನೇ ತರಗತಿಗೆ ಎಂಟು ವಾರದ ಯೋಜನೆ

ಜೂನ್ 21ರ ಬೆಳಿಗ್ಗೆ ನಮ್ಮ ಹೈಸ್ಕೂಲುಗಳ ಮೈದಾನದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತು ಯೋಗ ಮಾಡುತ್ತಾರೆ. ಮೈಕಿನಲ್ಲಿ ಒಬ್ಬರು ‘ಉಸಿರು ತಗೊಳ್ಳಿ, ಬಿಡಿ’ ಅನ್ನುತ್ತಾರೆ. ಇಡೀ ಶಾಲೆ ಒಂದೇ ಲೆಕ್ಕಕ್ಕೆ ಉಸಿರಾಡುತ್ತದೆ. ಒಂದು ದಿನದ ಕಾರ್ಯಕ್ರಮಕ್ಕೆ ಅದು ನಡೆಯುತ್ತದೆ. ಆದರೆ ದೈಹಿಕ ಶಿಕ್ಷಣದ ಪೀರಿಯಡ್‌ನಲ್ಲಿ ವಾರಗಟ್ಟಲೆ ಯೋಗ ಕಲಿಸಬೇಕೆಂದರೆ ಈ ಒಂದೇ ಲೆಕ್ಕದ ಪದ್ಧತಿಯನ್ನು ಮೊದಲು ಬಿಡಬೇಕು.

ಕಾರಣ ಸರಳ. ಒಂಬತ್ತನೇ ತರಗತಿಯಲ್ಲಿ ಮೀಸೆ ಚಿಗುರಿದ ಎತ್ತರದ ಹುಡುಗನೂ ಇರುತ್ತಾನೆ, ಇನ್ನೂ ಬೆಳವಣಿಗೆ ಶುರುವಾಗದ ಪುಟ್ಟ ಹುಡುಗನೂ ಇರುತ್ತಾನೆ. ಇಬ್ಬರ ಎದೆಗೂಡಿನ ಅಳತೆಯೇ ಬೇರೆ. ಸುಮ್ಮನೆ ಕೂತಾಗ ಈ ವಯಸ್ಸಿನ ಮಕ್ಕಳು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. 12 ಸಲ ಆಡುವ ಮಗುವಿಗೆ ಒಂದು ಉಸಿರಿಗೆ 5 ಸೆಕೆಂಡ್ ಬೇಕು, 20 ಸಲ ಆಡುವ ಮಗುವಿಗೆ 3 ಸೆಕೆಂಡ್ ಸಾಕು. ಇಬ್ಬರಿಗೂ ಒಂದೇ ವಿಷಲ್ ಹೊಡೆದರೆ ಒಬ್ಬರು ಉಸಿರು ಬಿಗಿಹಿಡಿದು ಕಾಯುತ್ತಾರೆ, ಇನ್ನೊಬ್ಬರು ಬೇಕಿಲ್ಲದ ಗಾಳಿ ಎಳೆದುಕೊಳ್ಳುತ್ತಾರೆ. ಇಬ್ಬರೂ ಕಲಿಯುವುದು ಏನೂ ಇಲ್ಲ. ಹಾಗಾಗಿ ಇಲ್ಲಿ ಕೊಡುತ್ತಿರುವ ಯೋಜನೆಯಲ್ಲಿ ಲೆಕ್ಕ ಮಗುವಿನದು. ಮೇಷ್ಟ್ರ ಕೆಲಸ ಆ ಲೆಕ್ಕವನ್ನು ಗಮನಿಸಲು ಕಲಿಸುವುದು.

ಮುಂದೆ ಹೇಳುವುದೆಲ್ಲ ಒಂದು ಸಾಮಾನ್ಯ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು. 48 ಮಕ್ಕಳು, ಹುಡುಗರು ಹುಡುಗಿಯರು ಸೇರಿ. ಒಬ್ಬರೇ ಪಿಟಿ ಮೇಷ್ಟ್ರು ಅಥವಾ ಮೇಡಂ. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ಎಂಟು ವಾರಕ್ಕೆ ಒಟ್ಟು 16 ಪಾಠ.

ಪಾಠಕ್ಕೂ ಮೊದಲು ಮಾಡಿಕೊಳ್ಳಬೇಕಾದ್ದು

ಜೂನ್ ಕೊನೆಯ ವಾರದಿಂದ ಶುರುಮಾಡುವುದು ಒಳ್ಳೆಯದು. ಮಳೆಗೆ ಮೈದಾನ ಕೆಸರಾಗಿರುತ್ತದೆ, ಹೇಗೂ ಆಟ ಆಡಿಸುವುದು ಕಷ್ಟ. ಯೋಗ ದಿನದ ನೆನಪೂ ಮಕ್ಕಳಲ್ಲಿ ಹಸಿಯಾಗಿರುತ್ತದೆ.

ಮೊದಲು ಟೈಮ್‌ಟೇಬಲ್ ನೋಡಿ. ಬಿಸಿಯೂಟದ ನಂತರದ ಮೊದಲ ಪೀರಿಯಡ್ ನಿಮ್ಮದಾಗಿದ್ದರೆ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ಬದಲಿಸಿಕೊಳ್ಳಿ. ಹೊಟ್ಟೆ ತುಂಬ ಅನ್ನ ಸಾಂಬಾರ್ ತಿಂದ ಮಗು ಮುಂದಕ್ಕೆ ಬಾಗಿದರೆ ಹುಳಿ ತೇಗು ಬರುತ್ತದೆ, ಬೋರಲು ಮಲಗಿದರೆ ವಾಕರಿಕೆ ಬರುತ್ತದೆ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಬೇಕು. ಬೆಳಿಗ್ಗೆ ಶಾಲೆಯಲ್ಲಿ ಕೊಡುವ ಹಾಲಿಗೆ ಅರ್ಧ ಗಂಟೆ ಸಾಕು. ಬದಲಿಸಲು ಆಗದಿದ್ದರೆ ಆ ದಿನ ನಿಂತು ಮಾಡುವ ಆಸನ, ಕೂತು ಮಾಡುವ ಉಸಿರಾಟ ಮಾತ್ರ ಇಟ್ಟುಕೊಳ್ಳಿ.

ಎರಡನೆಯದು ಆರೋಗ್ಯದ ಮಾಹಿತಿ. ತರಗತಿಯಲ್ಲಿ ‘ಯಾರಿಗೆ ಆಸ್ತಮಾ ಇದೆ, ಕೈ ಎತ್ತಿ’ ಅಂದರೆ ಯಾರೂ ಕೈ ಎತ್ತುವುದಿಲ್ಲ. ಒಂದೊಂದು ಚೀಟಿ ಮನೆಗೆ ಕಳಿಸಿ, ಮಡಚಿ ವಾಪಸ್ ತರಲು ಹೇಳಿ. ಕೇಳಬೇಕಾದ್ದು ಕೆಲವೇ ವಿಷಯ: ಆಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ, ಇತ್ತೀಚಿನ ಮೂಳೆ ಮುರಿತ ಅಥವಾ ಆಪರೇಷನ್, ಬೆನ್ನು ನೋವು. ಇವುಗಳಲ್ಲಿ ಯಾವುದಾದರೂ ಇದ್ದರೆ ಡಾಕ್ಟರ್ ಏನು ಹೇಳಿದ್ದಾರೆ ಅನ್ನುವುದನ್ನೂ ಮನೆಯವರಿಂದ ತಿಳಿದುಕೊಳ್ಳಿ. ಇನ್‌ಹೇಲರ್ ಬಳಸುವ ಮಗು ಅದನ್ನು ಪಾಠಕ್ಕೆ ತರಲೇಬೇಕು. ಪ್ರಾಣಾಯಾಮ ಮಾಡಿದರೆ ಇನ್‌ಹೇಲರ್ ಬೇಡ ಅನ್ನುವ ಮಾತನ್ನು ದಯವಿಟ್ಟು ಯಾವ ಮಗುವಿಗೂ ಹೇಳಬೇಡಿ.

ಮುಟ್ಟಿನ ವಿಷಯಕ್ಕೆ ಒಂದು ಸುಲಭದ ದಾರಿ ಇದೆ. ಕೊನೆಯ ಸಾಲನ್ನು ‘ನಿಧಾನದ ಸಾಲು’ ಅಂತ ಮೊದಲ ದಿನವೇ ಘೋಷಿಸಿ. ಹುಡುಗ ಆಗಲಿ ಹುಡುಗಿ ಆಗಲಿ, ಇವತ್ತು ಮೈ ಸರಿಯಿಲ್ಲ ಅನಿಸಿದವರು ಕಾರಣ ಹೇಳದೆ ಅಲ್ಲಿ ಕೂರಬಹುದು. ಆ ಸಾಲಿನಲ್ಲಿ ಉಸಿರಾಟ ಮತ್ತು ವಿಶ್ರಾಂತಿ ಮಾತ್ರ. ಜ್ವರ ಬಂದು ಬಿಟ್ಟ ಹುಡುಗ, ನಿದ್ದೆಗೆಟ್ಟ ಹುಡುಗ ಕೂಡ ಅಲ್ಲೇ ಕೂರುವುದರಿಂದ ಹುಡುಗಿಯರತ್ತ ಯಾರೂ ನೋಡುವುದಿಲ್ಲ.

ಮೂರನೆಯದು ಜಾಗ. ಒಂದು ಮಗು ಕೈ ಚಾಚಿ ಮಲಗಲು ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಬೇಕು. 48 ಮಕ್ಕಳು ಒಟ್ಟಿಗೆ ಮಲಗುವ ಹಾಲ್ ಎಷ್ಟು ಶಾಲೆಗಳಲ್ಲಿದೆ? ಅದಕ್ಕೇ ಮಕ್ಕಳನ್ನು ಜೋಡಿ ಮಾಡಿ. ಹುಡುಗಿಗೆ ಹುಡುಗಿ, ಹುಡುಗನಿಗೆ ಹುಡುಗ. ಒಬ್ಬರು ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡುತ್ತಾರೆ. 24 ಜನರಿಗೆ ಜಾಗ, 24 ಜನರಿಗೆ ಜಮಖಾನ ಸಿಕ್ಕರೆ ಸಾಕು. ಜಾಗ ಉಳಿಸುವುದಷ್ಟೇ ಇದರ ಲಾಭ ಅಲ್ಲ. 48 ಮಕ್ಕಳ ಉಸಿರನ್ನು ಒಬ್ಬ ಮೇಷ್ಟ್ರು ನೋಡಲು ಸಾಧ್ಯವೇ ಇಲ್ಲ. ಪಕ್ಕದಲ್ಲಿ ಕೂತ ಗೆಳೆಯ ಅಥವಾ ಗೆಳತಿ ನೋಡಬಲ್ಲರು.

ವಾರ 1 ಮತ್ತು 2: ಉಸಿರನ್ನು ಬದಲಿಸದೆ ನೋಡುವುದು

ಮೊದಲ ಪಾಠದಲ್ಲಿ ಮಕರಾಸನದಿಂದ ಶುರುಮಾಡಿ. ಬೋರಲು ಮಲಗಿ, ಮುಂಗೈಗಳನ್ನು ಒಂದರ ಮೇಲೊಂದಿಟ್ಟು ಹಣೆ ಊರುವುದು. ಕಾಲು ಸ್ವಲ್ಪ ಅಗಲ. ಸಾಮಾನ್ಯವಾಗಿ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಕೈ ಇಡಿಸುತ್ತಾರೆ. ಆದರೆ ಹುಡುಗರೂ ಇರುವ ಹಾಲ್‌ನಲ್ಲಿ ಹದಿನಾಲ್ಕರ ಹುಡುಗಿಗೆ ಅಂಗಾತ ಮಲಗುವುದು ಮುಜುಗರ. ಅವಳ ಗಮನವೆಲ್ಲ ಬಟ್ಟೆ ಸರಿಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಬೋರಲು ಮಲಗಿದರೆ ಆ ಚಿಂತೆ ಕಡಿಮೆ. ಮುಖ್ಯವಾಗಿ, ಉಸಿರು ತೆಗೆದುಕೊಂಡಾಗ ಹೊಟ್ಟೆ ನೆಲಕ್ಕೆ ಒತ್ತುವುದು ತಾನಾಗೇ ಗೊತ್ತಾಗುತ್ತದೆ. ‘ವಪೆ ಕೆಳಗಿಳಿಯುತ್ತದೆ’ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವುದಕ್ಕಿಂತ ಇದು ಬೇಗ ಮನಸ್ಸಿಗೆ ಹೋಗುತ್ತದೆ. ಬೋರಲು ಮಲಗಲು ಕಷ್ಟವಾದವರು ಕೂತೇ ನೋಡಲಿ.

ಇಲ್ಲಿ ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಅಂತ ಮಾತ್ರ ಹೇಳಬೇಡಿ. ಹಾಗಂದ ತಕ್ಷಣ ಮಕ್ಕಳು ಭುಜ ಎತ್ತಿ, ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನಮಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಬದಲಿಗೆ ‘ಮೊದಲು ಇರೋ ಉಸಿರನ್ನ ಬಿಡಿ, ಆಮೇಲೆ ತಾನಾಗೇ ಬರೋದನ್ನ ಬರಲಿ ಬಿಡಿ’ ಅನ್ನಿ. ಎಂಟು ವಾರವೂ ಸೂಚನೆ ಹೀಗೇ ಇರಲಿ. ಬಿಡುವುದು ಮೊದಲು, ತೆಗೆದುಕೊಳ್ಳುವುದು ಆಮೇಲೆ.

ಪಕ್ಕದವರು ಬೆನ್ನಿನ ಏರಿಳಿತ ನೋಡಿ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯಲಿ. ತಾನೇ ಎಣಿಸಿಕೊಂಡರೆ ಉಸಿರಿನ ರೀತಿಯೇ ಬದಲಾಗಿಬಿಡುತ್ತದೆ. ಯಾರದು ಕಡಿಮೆ, ಯಾರದು ಜಾಸ್ತಿ ಅಂತ ಓದಿ ಹೇಳಬೇಡಿ. ಹೇಳಿದರೆ ಮುಂದಿನ ಪಾಠದಲ್ಲಿ ಇಡೀ ಹಾಲ್ ಉಸಿರು ಕಟ್ಟಿಕೊಂಡು ಮಲಗಿರುತ್ತದೆ.

ಮೊದಲ ದಿನ ನಗು ಬರುತ್ತದೆ. ಬರಲಿ. ಬೈದರೆ ಇನ್ನೂ ಜಾಸ್ತಿಯಾಗುತ್ತದೆ. ಕಣ್ಣು ಮುಚ್ಚಲೇಬೇಕು ಅನ್ನುವ ಒತ್ತಾಯವೂ ಬೇಡ. ಕೆಲವು ಮಕ್ಕಳಿಗೆ ಎಲ್ಲರ ನಡುವೆ ಕಣ್ಣು ಮುಚ್ಚಿದರೆ ಭಯವಾಗುತ್ತದೆ. ನೆಲದ ಒಂದು ಗೆರೆ ನೋಡುತ್ತಿದ್ದರೆ ಸಾಕು.

ವಾರ 3 ಮತ್ತು 4: ಬಿಡುವ ಉಸಿರು ಉದ್ದವಾಗಲಿ

ಉಸಿರು ತೆಗೆದುಕೊಂಡಾಗ ಹೃದಯದ ಬಡಿತ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಆರೋಗ್ಯವಂತ ಮಕ್ಕಳಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ ಎಷ್ಟೋ ಮಕ್ಕಳಿಗೆ ಬೆರಳಿಗೇ ಸಿಗುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದರೆ ಮೈ ಯಾಕೆ ಸಮಾಧಾನವಾಗುತ್ತದೆ ಅನ್ನುವುದಕ್ಕೆ ಇದೊಂದು ಒಳ್ಳೆಯ ವಿವರಣೆ. ನಾಲ್ಕನೇ ವಾರದಲ್ಲಿ ಐದು ನಿಮಿಷ ಇದಕ್ಕೇ ಕೊಡಿ. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ಲೆಕ್ಕ ಹೀಗೆ. ಮನಸ್ಸಿನಲ್ಲೇ ತನ್ನದೇ ವೇಗದಲ್ಲಿ ಎರಡು ಎಣಿಸುತ್ತಾ ತೆಗೆದುಕೊಂಡರೆ, ಮೂರು ಎಣಿಸುತ್ತಾ ಬಿಡುವುದು. ಅದು ಸುಲಭವಾದ ಮೇಲೆ ಮೂರಕ್ಕೆ ನಾಲ್ಕು, ನಂತರ ಮೂರಕ್ಕೆ ಐದು. ಹತ್ತು ಉಸಿರು ಆಡಿ ನಿಲ್ಲಿಸುವುದು. ಎಲ್ಲರೂ ಮೂರಕ್ಕೆ ಐದು ಮುಟ್ಟಬೇಕಿಲ್ಲ. ಎಂಟು ವಾರವೂ ಎರಡಕ್ಕೆ ಮೂರರಲ್ಲೇ ಇರುವ ಮಗು ಏನೂ ಹಿಂದುಳಿದಿಲ್ಲ.

ಜಾಸ್ತಿ ಎಳೆದೆ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಒಂದೇ ಪರೀಕ್ಷೆ ಕಲಿಸಿ. ಉಸಿರು ಬಿಟ್ಟಾದ ಮೇಲೆ ಮುಂದಿನ ಉಸಿರು ಮೂಗಿನಿಂದ ಸದ್ದಿಲ್ಲದೆ ಬಂದರೆ ಅಳತೆ ಸರಿ. ಗಬಕ್ಕನೆ ಬಾಯಿ ತೆರೆದು ಎಳೆದುಕೊಳ್ಳುವ ಹಾಗಾದರೆ ಒಂದು ಎಣಿಕೆ ಕಡಿಮೆ ಮಾಡಬೇಕು. ಪಕ್ಕದಲ್ಲಿ ಕೂತವರೂ ಇದನ್ನೇ ಕೇಳಿಸಿಕೊಳ್ಳಬೇಕು.

ಇದೇ ವಾರಗಳಲ್ಲಿ ಭ್ರಾಮರಿ ತನ್ನಿ. ಕೂತು, ತುಟಿ ಮುಚ್ಚಿ, ಹಲ್ಲು ಬಿಡಿಯಾಗಿಟ್ಟು, ಉಸಿರು ಬಿಡುವಾಗ ‘ಮ್’ ಅನ್ನುವ ಗುಂಯ್ ಸದ್ದು. ನನ್ನ ಪ್ರಕಾರ ಹೈಸ್ಕೂಲಿಗೆ ಇದಕ್ಕಿಂತ ಒಳ್ಳೆಯ ಪ್ರಾಣಾಯಾಮ ಇಲ್ಲ. ಸದ್ದು ಮಾಡುವಾಗ ಗಾಳಿ ತೆಳುವಾಗಿ ಹೋಗುವುದರಿಂದ ಬಿಡುವ ಉಸಿರು ತಾನಾಗೇ ಉದ್ದವಾಗುತ್ತದೆ, ಯಾರೂ ಎಣಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯ, ಮೇಷ್ಟ್ರಿಗೆ ಪ್ರತಿ ಮಗುವಿನ ಉಸಿರು ಕಿವಿಗೆ ಕೇಳುತ್ತದೆ. ಸಾಲಿನ ಮಧ್ಯೆ ನಡೆದುಕೊಂಡು ಹೋಗಿ. ಸದ್ದು ಕೊನೆಯಲ್ಲಿ ನಡುಗಿದರೆ ಅಥವಾ ಒಮ್ಮೆಲೇ ಕತ್ತರಿಸಿದರೆ ಆ ಮಗು ಮಿತಿ ಮೀರಿ ಎಳೆಯುತ್ತಿದೆ ಅಂತ ಅರ್ಥ. ಮಕ್ಕಳ ಸದ್ದು ಬೇರೆ ಬೇರೆ ಹೊತ್ತಿಗೆ ನಿಲ್ಲಬೇಕು. ಎಲ್ಲ ಒಟ್ಟಿಗೆ ನಿಂತರೆ ಅವರು ಒಬ್ಬರನ್ನೊಬ್ಬರು ಅನುಸರಿಸುತ್ತಿದ್ದಾರೆ. ಕಿವಿ, ಕಣ್ಣಿನ ಮೇಲೆ ಬೆರಳಿಡುವ ಮುದ್ರೆ ಶಾಲೆಯಲ್ಲಿ ಬೇಡ. ಅಂಗೈ ತೊಡೆಯ ಮೇಲಿದ್ದರೆ ಸಾಕು. ಐದರಿಂದ ಏಳು ಸಲ ಮಾಡಿ ಬಿಡಿ. ಧ್ವನಿ ಒಡೆಯುತ್ತಿರುವ ಹುಡುಗರ ಸದ್ದು ಗೊಗ್ಗರಾಗಿ ಬರುತ್ತದೆ, ಪಕ್ಕದವರು ನಗಬಹುದು. ಹಾಗಾಗಿ ‘ಯಾರ ಸ್ವರ ಹೇಗಿದ್ದರೂ ಸರಿ’ ಅಂತ ಮೊದಲೇ ಹೇಳಿಬಿಡಿ.

ವಾರ 5 ಮತ್ತು 6: ಉಸಿರಿನ ಜೊತೆ ಚಲನೆ

ಈಗ ಆಸನ. ಐದೇ ಸಾಕು: ತಾಡಾಸನ, ಅರ್ಧಕಟಿ ಚಕ್ರಾಸನ, ತ್ರಿಕೋನಾಸನ, ವಜ್ರಾಸನದಿಂದ ಶಶಾಂಕಾಸನ, ಭುಜಂಗಾಸನ. ನಿಯಮ ಎರಡೇ. ಮೈ ತೆರೆದುಕೊಳ್ಳುವಾಗ, ಮೇಲೇಳುವಾಗ ಉಸಿರು ಒಳಗೆ. ಮಡಚಿಕೊಳ್ಳುವಾಗ, ಬಾಗುವಾಗ ಹೊರಗೆ. ಉಸಿರು ಮೊದಲು ಶುರುವಾಗಬೇಕು, ಕೈ ಆಮೇಲೆ ಏಳಬೇಕು. ಉಸಿರು ಮುಗಿಯುವ ಹೊತ್ತಿಗೆ ಚಲನೆ ಮುಗಿದಿರಬೇಕು.

ವಿಷಲ್ ನಿಜವಾಗಿ ಕೈಬಿಡುವ ಪಾಠ ಇದು. ‘ತಾಡಾಸನ, ನಿಮ್ಮ ಐದು ಉಸಿರು, ಮುಗಿದವರು ಸುಮ್ನೆ ನಿಂತಿರಿ’ ಅಂತ ಹೇಳಿ ಬಿಟ್ಟುಬಿಡಿ. ಒಬ್ಬರು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ, ಇನ್ನೊಬ್ಬರಿಗೆ ಒಂದು ನಿಮಿಷ ಬೇಕು. ಸಾಲು ನೋಡಲು ಅಸ್ತವ್ಯಸ್ತವಾಗಿ ಕಾಣುತ್ತದೆ. ಕವಾಯತು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಕಷ್ಟವೇ. ಹೆಡ್‌ಮಾಸ್ಟರಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು.

ಈ ವಯಸ್ಸಿನ ಮೈಯ ಬಗ್ಗೆ ಒಂದು ಮಾತು. ಎತ್ತರ ಸರಸರನೆ ಏರುವ ತಿಂಗಳುಗಳಲ್ಲಿ ಮೂಳೆ ಮುಂದೆ ಬೆಳೆಯುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ತೊಡೆಯ ಹಿಂಭಾಗ ಬಿಗಿಯಾಗಿರುತ್ತದೆ. ಹೋದ ವರ್ಷ ಕಾಲ್ಬೆರಳು ಮುಟ್ಟುತ್ತಿದ್ದ ಹುಡುಗ ಈ ವರ್ಷ ಮುಟ್ಟದೇ ಇರಬಹುದು. ಅದು ಸೋಮಾರಿತನ ಅಲ್ಲ. ಬಾಗುವಾಗ ಮಂಡಿ ಸ್ವಲ್ಪ ಮಡಚಲು ಹೇಳಿ. ಬೆನ್ನ ಮೇಲೆ ಕೈಯಿಟ್ಟು ಒತ್ತಬೇಡಿ, ಜೋಡಿಯವರಿಗೂ ಒತ್ತಲು ಬಿಡಬೇಡಿ. ಮಂಡಿ ಚಿಪ್ಪಿನ ಕೆಳಗೆ, ಮೂಳೆ ಉಬ್ಬಿದ ಜಾಗದಲ್ಲಿ ನೋವು ಅನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅದರಲ್ಲೂ ಜಾಸ್ತಿ ಓಡಿ ಜಿಗಿಯುವವರು. ಅವರಿಗೆ ವಜ್ರಾಸನ ಬೇಡ, ಚಕ್ಕಳಮಕ್ಕಳ ಹಾಕಿ ಕೂರಲಿ. ಭುಜಂಗಾಸನದಲ್ಲಿ ಮೊಣಕೈ ಮಡಚಿಯೇ ಇರಲಿ. ಕೈ ಪೂರ್ತಿ ನೇರ ಮಾಡಿದರೆ ಭಾರವೆಲ್ಲ ಸೊಂಟದ ಕೆಳಭಾಗಕ್ಕೆ ಬೀಳುತ್ತದೆ. ಶೀರ್ಷಾಸನ, ಸರ್ವಾಂಗಾಸನ, ಚಕ್ರಾಸನ 48 ಮಕ್ಕಳ ತರಗತಿಯಲ್ಲಿ ಬೇಡವೇ ಬೇಡ. ಕತ್ತಿನ ಮೇಲೆ ಭಾರ ಬೀಳುವುದನ್ನು ಒಬ್ಬರು ಎಲ್ಲರಲ್ಲೂ ಕಾಯಲಾರರು.

ಹುಡುಗರು ಕೂತಲ್ಲಿ ಕೂರುವುದಿಲ್ಲ ಅನ್ನುವ ದೂರು ಹೊಸದಲ್ಲ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸಿದ್ದು ಚುರುಕಾದ, ಒಂದರಿಂದ ಇನ್ನೊಂದಕ್ಕೆ ಸಾಗುವ ಆಸನಗಳನ್ನು. ನಾವೂ ಕ್ರಮವನ್ನು ಹಾಗೇ ಇಡೋಣ. ಮೊದಲು ಮೈ ದಣಿಯಲಿ, ಆಮೇಲೆ ಕೂರಲಿ.

11ನೇ ಪಾಠ ಹೇಗೆ ಸಾಗುತ್ತದೆ

ಆರನೇ ವಾರದ ಮೊದಲ ಪಾಠವನ್ನು ಪೂರ್ತಿ ಬಿಡಿಸಿ ನೋಡೋಣ. ಶೂ ಬಿಚ್ಚಿ, ಹಾಜರಿ ಹಾಕಿ, ಜಮಖಾನ ಹಾಸುವುದಕ್ಕೆ 5 ನಿಮಿಷ ಹೋಗಿಯೇ ಹೋಗುತ್ತದೆ. ನಂತರ ಮಕರಾಸನ, ಜೋಡಿಯಲ್ಲಿ ತಲಾ 2 ನಿಮಿಷ, ಪಕ್ಕದವರು ಉಸಿರು ಎಣಿಸುತ್ತಾರೆ.

ಆಮೇಲೆ ನಿಂತಲ್ಲೇ ಓಟ, 2 ನಿಮಿಷ. ಯೋಗದ ಪಾಠದಲ್ಲಿ ಓಟ ಯಾಕೆ ಅನ್ನಬೇಡಿ. ಏದುಸಿರು ಬಂದಾಗಲೇ ಕಲಿತದ್ದು ಉಪಯೋಗಕ್ಕೆ ಬರುವುದು. ಓಟ ನಿಲ್ಲಿಸಿದ ತಕ್ಷಣ ಕೂರಿಸಬೇಡಿ, ನಿಧಾನ ಹೆಜ್ಜೆ ಹಾಕುತ್ತಿರಲಿ. ಮೊದಲು ಬಾಯಿಯಿಂದ ಉಸಿರಾಡಿದರೂ ಪರವಾಗಿಲ್ಲ, ಬಿಡುವ ಉಸಿರನ್ನು ಮಾತ್ರ ಸ್ವಲ್ಪ ಉದ್ದ ಮಾಡಲಿ. ಬಾಯಿ ಮುಚ್ಚಿ ಆರಾಮಾಗಿ ಉಸಿರಾಡಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಜೋಡಿಯವರು ಗೋಡೆ ಗಡಿಯಾರ ನೋಡಿ ಬರೆಯಲಿ. ಜೋಡಿಯಲ್ಲಿ ಒಬ್ಬರು ಇವತ್ತು ಓಡಿದರೆ ಇನ್ನೊಬ್ಬರು ಮುಂದಿನ ಪಾಠದಲ್ಲಿ. ಇದಕ್ಕೆಲ್ಲ 4 ನಿಮಿಷ. ಒಂದು ಮಗು ಐದನೇ ವಾರ 90 ಸೆಕೆಂಡ್, ಎಂಟನೇ ವಾರ 70 ಸೆಕೆಂಡ್ ಅಂತ ಬರೆದುಕೊಂಡಿದೆ ಅಂದುಕೊಳ್ಳಿ. ಆ ಬದಲಾವಣೆಯಲ್ಲಿ ಓಟದ ಅಭ್ಯಾಸದ ಪಾಲೂ ಇರುತ್ತದೆ, ಎಲ್ಲ ಯೋಗದ್ದೇ ಅನ್ನಲಾಗದು. ಆದರೂ ತನ್ನ ಮೈ ಬಗ್ಗೆ ತಾನೇ ಬರೆದುಕೊಂಡ ಲೆಕ್ಕ ಅದು.

ನಂತರ ಆಸನಗಳು, ಪ್ರತಿ ಗುಂಪಿಗೆ 8 ನಿಮಿಷದಂತೆ 16 ನಿಮಿಷ. ಒಂದು ಆಸನಕ್ಕೆ ಸುಮಾರು ಒಂದೂವರೆ ನಿಮಿಷ ಬಂತು. ನೋಡುವವರಿಗೆ ಒಂದೇ ಪ್ರಶ್ನೆ ಕೊಡಿ: ಕೈ ಮೊದಲು ಎದ್ದಿತೋ, ಉಸಿರು ಮೊದಲು ಶುರುವಾಯಿತೋ? ಎರಡು ಪ್ರಶ್ನೆ ಕೊಟ್ಟರೆ ಯಾವುದನ್ನೂ ನೋಡುವುದಿಲ್ಲ. ಆಮೇಲೆ ಎಲ್ಲರೂ ಕೂತು ಭ್ರಾಮರಿ, 4 ನಿಮಿಷ. ಶವಾಸನ 4 ನಿಮಿಷ. ಅರ್ಧ ಜನ ಮಲಗಲಿ, ಉಳಿದವರು ಗೋಡೆಗೆ ಒರಗಿ ಕೂರಲಿ, ಮುಂದಿನ ಪಾಠಕ್ಕೆ ಅದಲು ಬದಲು. ನಾಲ್ಕಕ್ಕಿಂತ ಜಾಸ್ತಿ ಹೊತ್ತು ಮಲಗಿಸಿದರೆ ಪಿಸುಮಾತು ಶುರುವಾಗುತ್ತದೆ. ಯಾರಾದರೂ ನಿದ್ದೆ ಹೋದರೆ ಎಬ್ಬಿಸಿ ನಾಚಿಕೆಪಡಿಸಬೇಡಿ. ನಸುಕಿಗೆ ಎದ್ದು ಮನೆ ಕೆಲಸ ಮುಗಿಸಿ ಬಸ್ ಹತ್ತಿದ ಮಗು ಅದು ಇರಬಹುದು. ಉಳಿದ 3 ನಿಮಿಷ ನೋಟ್‌ಬುಕ್‌ಗೆ ಮತ್ತು ಶೂ ಹಾಕಿಕೊಳ್ಳಲು.

‘ಸಾರ್, ತಲೆ ತಿರುಗ್ತಿದೆ’

ಇದು ಬರುತ್ತದೆ, ಸಿದ್ಧರಾಗಿರಿ. ಉಸಿರಾಟದ ಪಾಠದಲ್ಲಿ ಇದಕ್ಕೆ ಸಾಮಾನ್ಯ ಕಾರಣ ಗಾಳಿ ಕಡಿಮೆಯಾಗಿದ್ದಲ್ಲ, ಜಾಸ್ತಿಯಾಗಿದ್ದು. ಜೋರಾಗಿ, ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದು ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾಗುತ್ತದೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮುಜುಮು ಅನ್ನುತ್ತದೆ. ಮಗುವನ್ನು ಕೂರಿಸಿ. ‘ಏನೂ ಮಾಡಬೇಡ, ಉಸಿರು ಹೇಗೆ ಬರುತ್ತೋ ಹಾಗೇ ಬಿಡು’ ಅನ್ನಿ. ‘ದೀರ್ಘವಾಗಿ ಉಸಿರಾಡು’ ಅಂದರೆ ಇನ್ನೂ ಕೆಡುತ್ತದೆ. ಬಾಯಿಗೆ ಪೇಪರ್ ಚೀಲ ಹಿಡಿಯುವ ಹಳೆಯ ಉಪಾಯವೂ ಬೇಡ. ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಹೋಗದಿದ್ದರೆ, ಎದೆ ನೋವು ಅಂದರೆ, ಸುಯ್ ಸುಯ್ ಅನ್ನುವ ಸದ್ದು ಬಂದರೆ ಅದು ಬೇರೆ ವಿಷಯ. ಆಸ್ತಮಾದ ಮಗುವಾದರೆ ನೆಟ್ಟಗೆ ಕೂರಿಸಿ ಇನ್‌ಹೇಲರ್ ಕೊಡಿಸಿ. ತಡಮಾಡದೆ ಮನೆಯವರಿಗೂ ಆಸ್ಪತ್ರೆಗೂ ಫೋನ್ ಮಾಡಿ, ಅಗತ್ಯವಿದ್ದರೆ 108ಕ್ಕೆ.

ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ ಈ ಯೋಜನೆಯಲ್ಲಿ ಇಲ್ಲದಿರುವುದು ಇದಕ್ಕೇ. ಅವು ಕೆಟ್ಟವು ಅಂತ ಅಲ್ಲ. ಆದರೆ ಹದಿನಾಲ್ಕರ ಮಕ್ಕಳ ಗುಂಪಿಗೆ ವೇಗದ ಉಸಿರಾಟ ಕೊಟ್ಟರೆ ಅದು ಸ್ಪರ್ಧೆಯಾಗುತ್ತದೆ. ಯಾರು ಜಾಸ್ತಿ ಹೊಡೆತ, ಯಾರು ಜಾಸ್ತಿ ಹೊತ್ತು ಹಿಡಿದರು ಅನ್ನುವುದೇ ಮಾತಾಗುತ್ತದೆ. ಉಸಿರು ಹಿಡಿಯುವ ಪಂದ್ಯವನ್ನು ಕೆರೆಗೋ ಬಾವಿಗೋ ಒಯ್ದರೆ ಜೀವಕ್ಕೇ ಅಪಾಯ. ಜೋರಾಗಿ ಉಸಿರಾಡಿ ನಂತರ ನೀರಿನಲ್ಲಿ ಮುಳುಗಿದರೆ, ಉಸಿರು ಬೇಕು ಅನ್ನುವ ಒತ್ತಾಯ ಬರುವ ಮೊದಲೇ ಪ್ರಜ್ಞೆ ತಪ್ಪಬಹುದು. ಇದನ್ನು ತರಗತಿಯಲ್ಲಿ ನೇರವಾಗಿ ಹೇಳಿ.

ವಾರ 7 ಮತ್ತು 8: ತಮ್ಮದೇ ಹತ್ತು ನಿಮಿಷ

ಏಳನೇ ವಾರದಲ್ಲಿ ಬೆರಳಿನಿಂದ ಮೂಗಿನ ಒಂದೊಂದೇ ಹೊಳ್ಳೆ ಮುಚ್ಚಿ ಉಸಿರಾಡುವ ನಾಡಿಶೋಧನ, ಉಸಿರು ಹಿಡಿಯದೆ, ಆರು ಸುತ್ತು. ಮಳೆಗಾಲದಲ್ಲಿ ಅರ್ಧ ತರಗತಿಗೆ ಮೂಗು ಕಟ್ಟಿರುತ್ತದೆ. ಅಂಥವರು ಬೆರಳು ಬಳಸದೆ ಭ್ರಾಮರಿ ಮಾಡಲಿ. ಕಟ್ಟಿದ ಮೂಗಿನಿಂದ ಬಲವಂತವಾಗಿ ಎಳೆಯುವುದು ಬೇಡ.

ಎಂಟನೇ ವಾರದಲ್ಲಿ ಪ್ರತಿ ಜೋಡಿಯೂ ಹತ್ತು ನಿಮಿಷದ ತಮ್ಮದೇ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಮಾಡಿ ತೋರಿಸಲಿ. ನಿಂತು ಮಾಡುವ ಎರಡು, ನೆಲದ ಮೇಲೆ ಒಂದು, ಉಸಿರಾಟ ಒಂದು, ಕೊನೆಗೆ ವಿಶ್ರಾಂತಿ. ಯಾಕೆ ಆ ಕ್ರಮ ಅಂತ ಒಂದು ಸಾಲು ಬರೆಯಬೇಕು. ಗ್ರೇಡ್ ಕೊಡುವಾಗ ಎಷ್ಟು ಬಾಗಿದರು ಅನ್ನುವುದಕ್ಕೆ ಒಂದು ಅಂಕವನ್ನೂ ಇಡಬೇಡಿ. 20 ಅಂಕವಾದರೆ 10 ಈ ಕ್ರಮಕ್ಕೆ, 5 ನೋಟ್‌ಬುಕ್‌ಗೆ, 5 ಜೋಡಿಯವರ ಬಗ್ಗೆ ಬರೆದ ಗಮನಕ್ಕೆ. ಉಸಿರಿನ ಸಂಖ್ಯೆ ಕಡಿಮೆಯಾಯಿತೋ ಇಲ್ಲವೋ ಅನ್ನುವುದಕ್ಕೂ ಅಂಕ ಬೇಡ. ಇಟ್ಟರೆ ಸುಳ್ಳು ಲೆಕ್ಕ ಬರುತ್ತದೆ.

ಈ ಎಂಟು ವಾರ ಆಟ ಪೂರ್ತಿ ನಿಂತುಹೋಗಬಾರದು. ಹದಿಹರೆಯದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ನಿಧಾನದ ಯೋಗ ಅದಕ್ಕೆ ಬದಲಿಯಲ್ಲ. ಮಳೆ ಬಿಟ್ಟ ಸಂಜೆ ಖೋಖೋ, ಕಬಡ್ಡಿ ನಡೆಯುತ್ತಿರಲಿ. ಆಟ ಮುಗಿದ ಮೇಲಿನ ಎರಡು ನಿಮಿಷ ಮಾತ್ರ ಈ ಪಾಠಕ್ಕೆ ಸೇರಿದ್ದು.

ಮಕ್ಕಳು ಬರೆದ ಹಾಳೆಗಳನ್ನು ಎಸೆಯಬೇಡಿ, ತರಗತಿ ಶಿಕ್ಷಕರಿಗೆ ಕೊಡಿ. ಮುಂದಿನ ವರ್ಷ ಇದೇ ಮಕ್ಕಳು ಎಸ್ಸೆಸ್ಸೆಲ್ಸಿಗೆ ಹೋದಾಗ ಪೂರ್ವಸಿದ್ಧತಾ ಪರೀಕ್ಷೆಯ ದಿನಗಳಲ್ಲಿ, ಪ್ರಶ್ನೆಪತ್ರಿಕೆ ಹಂಚುವ ಮುಂಚೆ, ‘ನಿಮ್ಮ ಹತ್ತು ಉಸಿರು’ ಅಂತ ಅವರು ಹೇಳಿದರೆ ಸಾಕು. ಯಾರೂ ಎಣಿಸಿ ಕೊಡಬೇಕಾಗುವುದಿಲ್ಲ.